ಫೈಲಿಗೆ ಬಾರದ ಮಾತು



ಮಂತ್ರಿಗಳು ನೀತಿ ರೂಪಿಸುತ್ತಾರೆ, ಅಧಿಕಾರಿಗಳು ಅದನ್ನು ಜಾರಿಗೆ ತರುತ್ತಾರೆ ಎಂದು ಪೌರನೀತಿಯ ಪಾಠದಲ್ಲಿ ನೀವೂ ಓದಿರುತ್ತೀರಿ. ರಾಜಕೀಯದಿಂದ ಆಡಳಿತ ಬೇರೆಯಾಗಿರಬೇಕು ಎಂದು 1887ರಲ್ಲಿ ವಾದಿಸಿದವರು ಅಮೆರಿಕದ ಪ್ರಾಧ್ಯಾಪಕ ವುಡ್ರೋ ವಿಲ್ಸನ್. ಮುಂದೆ ಅವರೇ ಆ ದೇಶದ ಅಧ್ಯಕ್ಷರಾದರು. ಈ ಗೆರೆ ನಿಜವಾಗಿಯೂ ನಿಲ್ಲುತ್ತದೆಯೇ? ನಮ್ಮ ದೇಶದ ಒಂದು ಪ್ರಕರಣವನ್ನೇ ನೋಡೋಣ.

1957ರ ಜೂನ್‌ನಲ್ಲಿ ಸರ್ಕಾರಿ ಸಂಸ್ಥೆಯಾದ ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಆಗ ಮುಂಧ್ರಾ ಹಣದ ಮುಗ್ಗಟ್ಟಿನಲ್ಲಿದ್ದರು. ನಿಗಮದ ಹೂಡಿಕೆ ಸಮಿತಿಯನ್ನು ಮೊದಲು ಕೇಳಿರಲಿಲ್ಲ. ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಈ ವಿಷಯವನ್ನೆತ್ತಿದರು. 1958ರಲ್ಲಿ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಮುಂಬಯಿಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು.

ಅಲ್ಲಿ ಮುಖ್ಯವಾಗಿ ಉಳಿದದ್ದು ಒಂದೇ ಪ್ರಶ್ನೆ: ಕೊಳ್ಳಿರಿ ಎಂದವರು ಯಾರು? ಮಂತ್ರಿಗಳಿಗೆ ತಿಳಿಸಿಯೇ ಮಾಡಿದೆ ಎಂದರು ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್. ತಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದರು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ. ಮಾತು ಬಾಯಲ್ಲೇ ಮುಗಿದಿತ್ತು, ಫೈಲಿನಲ್ಲಿ ಮಂತ್ರಿಗಳ ಸಹಿ ಇರಲಿಲ್ಲ. ಕಾರ್ಯದರ್ಶಿ ಮಾಡಿದ ಕೆಲಸಕ್ಕೂ ಮಂತ್ರಿಯೇ ಹೊಣೆ ಎಂದು ಛಾಗ್ಲಾ ಹೇಳಿದರು. ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಈಗ ನೀವೇ ಗೆರೆ ಎಳೆದು ನೋಡಿ. ಕುಸಿಯುತ್ತಿರುವ ಷೇರುಪೇಟೆಗೆ ಸರ್ಕಾರ ಆಸರೆ ಕೊಡಬೇಕೆ ಎಂಬುದು ನೀತಿ. ಯಾವ ಷೇರನ್ನು ಎಷ್ಟಕ್ಕೆ ಕೊಳ್ಳಬೇಕು ಎಂಬುದು ಆಡಳಿತ. ಆದರೆ ಕೊಳ್ಳುವ ಷೇರುಗಳೆಲ್ಲ ಒಬ್ಬನೇ ವ್ಯಕ್ತಿಯವಾದರೆ, ಆ ಆಯ್ಕೆಯೇ ನೀತಿಯಾಗಿಬಿಡುತ್ತದೆ. ಹಾಗೆಯೇ, ಮಂತ್ರಿಯ ಮುಂದೆ ಯಾವ ಯಾವ ದಾರಿಗಳನ್ನು ಇಡಬೇಕೆಂದು ಟಿಪ್ಪಣಿ ಬರೆಯುವ ಅಧಿಕಾರಿ, ಅಷ್ಟರಮಟ್ಟಿಗೆ ನೀತಿಯನ್ನೂ ಬರೆಯುತ್ತಾನೆ. ಅದೇ ಪಟೇಲರು ಮುಂದೆ ರಾಜಕೀಯಕ್ಕೆ ಬಂದು 1977ರಲ್ಲಿ ಕೇಂದ್ರದ ಹಣಕಾಸು ಮಂತ್ರಿಯಾದರು ಎಂಬುದನ್ನೂ ನೆನಪಿಡಿ.

ಇಬ್ಬರನ್ನೂ ಬೇರ್ಪಡಿಸಲಾಗದಿದ್ದರೆ ಮಾಡುವುದೇನು? ಯಾರು ಏನು ಹೇಳಿದರೆಂಬುದನ್ನು ಬರೆದಿಡುವುದು. ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಿಮಾತಿನ ಆದೇಶವಾದರೆ ಆಮೇಲೆ ಅದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು ಎನ್ನುತ್ತವೆ ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿತು.

ಆದರೂ ಇದಕ್ಕೊಂದು ಮಿತಿಯಿದೆ. ಬರೆದುಕೊಡಿ ಎಂದು ಮಂತ್ರಿಯನ್ನು ಕೇಳಿದ ಅಧಿಕಾರಿಗೆ ವರ್ಗಾವಣೆಯ ಭಯವಿರುತ್ತದೆ, ಆ ವರ್ಗಾವಣೆಯ ಅಧಿಕಾರ ಇರುವುದು ಸರ್ಕಾರದ ಕೈಯಲ್ಲೇ. ಆದ್ದರಿಂದ ಮುಂದೆ ಯಾವುದಾದರೂ ಹಗರಣದ ಸುದ್ದಿ ಓದುವಾಗ, ತಪ್ಪು ಮಂತ್ರಿಯದೋ ಅಧಿಕಾರಿಯದೋ ಎಂದು ಕೇಳುವ ಮೊದಲು, ಫೈಲಿನಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ಹುಡುಕಿ.