ಥಲಸ್ಸೀಮಿಯಾ: ರಕ್ತ ಬೇಕು, ಕಬ್ಬಿಣ ಬೇಡ

‘ರಕ್ತ ಕಡಿಮೆಯೇ? ಬೀಟ್‌ರೂಟ್, ಖರ್ಜೂರ ತಿನ್ನಿ’ ಎಂಬ ಫಾರ್ವರ್ಡ್ ನಾವೆಲ್ಲ ನೋಡಿದ್ದೇವೆ. ಬೀಟಾ ಥಲಸ್ಸೀಮಿಯಾ ಮೇಜರ್ ಇರುವ ಮಗುವಿಗೆ ಅದು ಉಪಯೋಗವಿಲ್ಲ. ಅಲ್ಲಿ ಕೊರತೆ ಕಬ್ಬಿಣದ್ದಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದಿರುವುದರಿಂದ ಹಿಮೋಗ್ಲೋಬಿನ್ನೇ ಸರಿಯಾಗಿ ತಯಾರಾಗದು, ಕೆಂಪುಕಣಗಳು ಮೂಳೆಮಜ್ಜೆಯಲ್ಲೇ ಸಾಯುತ್ತವೆ. ಹೊರಗಿನಿಂದ ಕೊಟ್ಟ ಕಣಗಳೂ ಸವೆಯುವುದರಿಂದ 2ರಿಂದ 5 ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

ತೊಡಕು ಇರುವುದು ಇಲ್ಲೇ. ಪಡೀಲಿನ ಹುಡುಗನೊಬ್ಬ 3 ವಾರಕ್ಕೊಮ್ಮೆ ಒಂದು ಯೂನಿಟ್ ರಕ್ತ ಪಡೆಯುತ್ತಾನೆ ಎಂದಿಟ್ಟುಕೊಳ್ಳೋಣ. ಯೂನಿಟ್‌ಗೆ ಸುಮಾರು 200 ಮಿಲಿಗ್ರಾಂನಂತೆ, ವರ್ಷದ 17 ಯೂನಿಟ್‌ನಲ್ಲಿ 3.4 ಗ್ರಾಂ ಕಬ್ಬಿಣ ಮೈಸೇರುತ್ತದೆ. ಆರೋಗ್ಯವಂತ ದೊಡ್ಡವರ ಮೈಯಲ್ಲಿ ಇರುವುದೇ 3–4 ಗ್ರಾಂ! ದೇಹ ತಾನಾಗಿ ಕಳೆದುಕೊಳ್ಳುವುದು ದಿನಕ್ಕೆ 1–2 ಮಿಲಿಗ್ರಾಂ ಮಾತ್ರ. ಉಳಿದದ್ದು ಲಿವರ್, ಹೃದಯ, ಹಾರ್ಮೋನ್ ಗ್ರಂಥಿಗಳಲ್ಲಿ ಕೂರುತ್ತದೆ. ಬೆಳವಣಿಗೆ ನಿಲ್ಲಬಹುದು, ಸಕ್ಕರೆ ಕಾಯಿಲೆ ಬರಬಹುದು, ಹೃದಯ ಸೋಲಬಹುದು.

ಆದ್ದರಿಂದ 10–20 ಸಲ ರಕ್ತ ಕೊಟ್ಟ ಮೇಲೆ, ಅಥವಾ ಫೆರಿಟಿನ್ 1000 ದಾಟಿದಾಗ, ಕೀಲೇಶನ್ ಶುರು. ಡೆಫೆರಾಸಿರಾಕ್ಸ್ ಮಾತ್ರೆ ಕಬ್ಬಿಣವನ್ನು ಹಿಡಿದು ಮಲದ ಮೂಲಕ ಹೊರಹಾಕುತ್ತದೆ. ಇದನ್ನು ದಿನವೂ ನುಂಗಬೇಕು, ಜೊತೆಗೆ ಕಿಡ್ನಿ, ಲಿವರ್ ಪರೀಕ್ಷೆಯೂ ಬೇಕು. ಜ್ವರ ಬಂದರೂ ಫೆರಿಟಿನ್ ಏರುವುದರಿಂದ, ಹೃದಯದಲ್ಲಿ ಎಷ್ಟು ಕಬ್ಬಿಣವಿದೆ ಎಂದು ತಿಳಿಯಲು ವೈದ್ಯರು ವಿಶೇಷ ಎಂಆರ್‌ಐ ಮಾಡಿಸುತ್ತಾರೆ.