ಬ್ರಿಟಾನಿಯಾಗೆ ಹುಟ್ಟುಹಬ್ಬ ಎರಡು, ಮನೆಯೂ ಎರಡು

ಬ್ರಿಟಾನಿಯಾ ಶುರುವಾದದ್ದು ಯಾವಾಗ ಅಂತ ಹುಡುಕಿ ನೋಡಿ. ಒಂದು ಕಡೆ 1892 ಅಂತ ಇರುತ್ತೆ, ಇನ್ನೊಂದು ಕಡೆ 1918. ಮುಖ್ಯ ಕಚೇರಿ ಎಲ್ಲಿ ಅಂದ್ರೆ ಒಂದು ಸೈಟು ಕೊಲ್ಕತ್ತಾ ಅನ್ನುತ್ತೆ, ಇನ್ನೊಂದು ಬೆಂಗಳೂರು. ಆಗ ನಮ್ಮಲ್ಲಿ ಬಹಳ ಜನ ಮಾಡೋದೇನು? ನಾಲ್ಕು ಟ್ಯಾಬ್ ತೆರೆದು, ಮೂರರಲ್ಲಿ ಇರೋದೇ ಸರಿ ಅಂದ್ಕೊಂಡು ಪಿಪಿಟಿಗೆ ಅಂಟಿಸೋದು. ಇಸವಿಯನ್ನು ಬಹುಮತದಿಂದ ಆರಿಸೋಕೆ ಇದೇನು ಪಂಚಾಯ್ತಿ ಎಲೆಕ್ಷನ್ನಾ? ಆ ಮೂರೂ ಸೈಟುಗಳು ಒಂದೇ ಕಡೆಯಿಂದ ನಕಲು ಹೊಡೆದಿದ್ದರೆ ಬಿದ್ದಿರೋದು ಮೂರು ವೋಟಲ್ಲ, ಒಂದೇ.

ವಿಚಿತ್ರ ಅಂದ್ರೆ, ಇಲ್ಲಿ ಯಾವ ಸೈಟೂ ಸುಳ್ಳು ಹೇಳುತ್ತಿಲ್ಲ. 1892ರಲ್ಲಿ ಕಲ್ಕತ್ತಾದ ಒಂದು ಸಣ್ಣ ಮನೆಯಲ್ಲಿ ಬಿಸ್ಕತ್ ಮಾಡೋ ವ್ಯಾಪಾರ ಶುರುವಾಯಿತು. ಅದು ಲಿಮಿಟೆಡ್ ಕಂಪನಿಯಾಗಿ ನೋಂದಣಿ ಆದದ್ದು 1918ರ ಮಾರ್ಚ್ 21ರಂದು, ಬ್ರಿಟಾನಿಯಾ ಬಿಸ್ಕತ್ ಕಂಪನಿ ಅನ್ನೋ ಹೆಸರಲ್ಲಿ. ಮೊದಲನೆಯದು ವ್ಯಾಪಾರದ ವಯಸ್ಸು, ಎರಡನೆಯದು ಕಂಪನಿಯ ವಯಸ್ಸು. ಕಚೇರಿಯ ಕಥೆಯೂ ಇಷ್ಟೇ. ನೋಂದಾಯಿತ ಕಚೇರಿ ಇರೋದು ಕೊಲ್ಕತ್ತಾದಲ್ಲಿ, ದಿನನಿತ್ಯದ ಆಡಳಿತ ನಡೆಯೋದು ಬೆಂಗಳೂರಿನ ವೈಟ್‌ಫೀಲ್ಡ್ ರಸ್ತೆಯಲ್ಲಿ. ತಪ್ಪು ಇರೋದು ಒಂದೇ ಖಾಲಿ ಜಾಗ ಕೊಟ್ಟು "ಸ್ಥಾಪನೆ", "ಮುಖ್ಯ ಕಚೇರಿ" ಅಂತ ಬರೆದಿಟ್ಟ ಆ ಡಬ್ಬಿಗಳಲ್ಲಿ. ಎರಡು ಪ್ರಶ್ನೆಗೆ ಒಂದೇ ಉತ್ತರ ತುಂಬಿಸೋಕೆ ಹೋದ್ರೆ ಜಗಳ ಆಗದೇ ಇರುತ್ತಾ?

ಹಾಗಾದ್ರೆ ತೀರ್ಮಾನ ಮಾಡೋದು ಹೇಗೆ? ಕಂಪನಿಯ ವಾರ್ಷಿಕ ವರದಿಯಲ್ಲಿ, ಲೆಟರ್‌ಹೆಡ್ಡಿನಲ್ಲಿ 21 ಅಕ್ಷರಗಳ ಒಂದು ಸಂಖ್ಯೆ ಇರುತ್ತೆ. ಅದೇ CIN. ಲೆಟರ್‌ಹೆಡ್ಡಿನಲ್ಲಿ ಅದನ್ನೂ ನೋಂದಾಯಿತ ವಿಳಾಸವನ್ನೂ ಹಾಕಲೇಬೇಕು ಅಂತ ಕಂಪನಿ ಕಾಯ್ದೆಯೇ ಹೇಳುತ್ತೆ. ಬ್ರಿಟಾನಿಯಾದ್ದು ಹೀಗಿದೆ:

```
L15412WB1918PLC002964
```

ಮೊದಲ L ಅಂದ್ರೆ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ, ಆಗದಿದ್ದರೆ U. ಮುಂದಿನ ಐದು ಅಂಕಿ ಉದ್ಯಮದ ಕೋಡು. WB ಅಂದ್ರೆ ನೋಂದಾಯಿತ ಕಚೇರಿ ಇರೋ ರಾಜ್ಯ, ಪಶ್ಚಿಮ ಬಂಗಾಳ. 1918 ನೋಂದಣಿಯ ವರ್ಷ. PLC ಅಂದ್ರೆ ಪಬ್ಲಿಕ್ ಕಂಪನಿ, ಉಳಿದದ್ದು ನೋಂದಣಿ ಸಂಖ್ಯೆ. ಇದೇ ಸಂಖ್ಯೆ ಹಾಕಿ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಹುಡುಕಿದರೆ ನೋಂದಣಿಯ ದಿನಾಂಕ, ವಿಳಾಸ ಎರಡೂ ಸಿಗುತ್ತವೆ.

ಆದ್ರೆ CIN ಹೇಳಿದ್ದೆಲ್ಲಾ ವೇದವಾಕ್ಯವಲ್ಲ. ಇನ್ಫೋಸಿಸ್‌ನ CINನಲ್ಲಿ KA1981 ಅಂತಿದೆ. ಅದನ್ನು ನೋಡಿ 1981ರಲ್ಲಿ ಕರ್ನಾಟಕದಲ್ಲಿ ಹುಟ್ಟಿತು ಅಂದ್ರೆ ತಪ್ಪು, ಹುಟ್ಟಿದ್ದು ಪುಣೆಯಲ್ಲಿ. ನೋಂದಾಯಿತ ಕಚೇರಿ ಬೇರೆ ರಾಜ್ಯಕ್ಕೆ ಹೋದ್ರೆ ರಾಜ್ಯದ ಅಕ್ಷರ ಬದಲಾಗುತ್ತೆ, ವರ್ಷ ಹಾಗೇ ಉಳಿಯುತ್ತೆ. ಟಿಸಿಎಸ್‌ನದ್ದು ಇನ್ನೊಂದು ಥರ. CINನಲ್ಲಿ 1995 ಇದೆ, ಕಂಪನಿ ಹೇಳಿಕೊಳ್ಳೋದು 1968. ಮೊದಲು ಅದು ಟಾಟಾ ಸನ್ಸ್‌ನ ಒಂದು ವಿಭಾಗವಾಗಿತ್ತು, ಪ್ರತ್ಯೇಕ ಕಂಪನಿಯಾಗಿ ನೋಂದಣಿ ಆದದ್ದು ಆಮೇಲೆ. ಅಂದ್ರೆ ವ್ಯಾಪಾರದ ಇತಿಹಾಸ ಬೇಕಾದ್ರೆ CIN ಸಾಲದು, ಹಳೆಯ ವಾರ್ಷಿಕ ವರದಿ, ಐಪಿಒ ಪ್ರಾಸ್ಪೆಕ್ಟಸ್ ಓದಬೇಕು. ಪ್ರಾಸ್ಪೆಕ್ಟಸ್‌ನಲ್ಲಿ ಕಂಪನಿಯ ಇತಿಹಾಸಕ್ಕೇ ಒಂದು ಅಧ್ಯಾಯ ಇರುತ್ತೆ, ಅದರಲ್ಲಿ ಸುಳ್ಳು ಬರೆದರೆ ಶಿಕ್ಷೆಯೂ ಇದೆ. "ನಮ್ಮ ಬಗ್ಗೆ" ಪುಟಕ್ಕೆ ಆ ಭಯ ಎಲ್ಲಿದೆ?

"ಯಾವ ಇಸವಿ ಆದ್ರೇನು ಬಿಡಿ, ಕ್ವಿಜ್ ಏನಾದ್ರೂ ಇದೆಯಾ?" ಅನ್ನೋರಿಗೆ ಎರಡು ಮಾತು. ಕಂಪನಿಗೆ ನೀವು ನೋಟಿಸ್ ಕಳಿಸಬೇಕಾಗಿ ಬಂದ್ರೆ ಕಾನೂನು ಗುರುತಿಸೋದು ನೋಂದಾಯಿತ ಕಚೇರಿಯನ್ನು, ಗಾಜಿನ ಕಟ್ಟಡದ ಕ್ಯಾಂಪಸ್ಸನ್ನಲ್ಲ. ಇನ್ನೊಂದು, ನಿಮ್ಮ ಕೈಯಲ್ಲಿರೋ ಆಫರ್ ಲೆಟರ್. ಸೈಟಿನಲ್ಲಿ "ಇಪ್ಪತ್ತು ವರ್ಷದ ಅನುಭವ" ಅಂತಿರುತ್ತೆ, ಲೆಟರ್ ಕೊಟ್ಟ ಪ್ರೈವೇಟ್ ಲಿಮಿಟೆಡ್‌ನ CIN ನೋಡಿದ್ರೆ ಹೋದ ವರ್ಷ ನೋಂದಣಿ ಆಗಿರುತ್ತೆ. ಅದು ಮೋಸವೇ ಆಗಿರಬೇಕಿಲ್ಲ. ಹಳೇ ಗುಂಪು ಹೊಸ ಕಂಪನಿ ತೆರೆದಿರಬಹುದು. ಆದ್ರೆ ನಿಮ್ಮ ಸಂಬಳ, ಪಿಎಫ್‌ಗೆ ಜವಾಬ್ದಾರಿ ಮೊದಲಿಗೆ ಆ ಹೊಸ ಕಂಪನಿಯದ್ದು, ಇಪ್ಪತ್ತು ವರ್ಷದ ಹೆಸರಿನದ್ದಲ್ಲ. ಎರಡಕ್ಕೂ ಏನು ಸಂಬಂಧ ಅಂತ ಎಚ್‌ಆರ್‌ನ ಕೇಳಿ, ಉತ್ತರ ಇಮೇಲ್‌ನಲ್ಲೇ ತಗೊಳ್ಳಿ.

ಮುಂದಿನ ಸಲ ಎರಡು ಇಸವಿ ಕಂಡಾಗ "ಯಾವುದು ಸರಿ" ಅಂತ ಕೇಳಬೇಡಿ. "ಯಾವುದರ ಇಸವಿ" ಅಂತ ಕೇಳಿ. ಉತ್ತರ ಕೊಡೋಕೆ ಆಗದ ಸೈಟನ್ನು ಮುಚ್ಚಿಬಿಡಿ.