ದೊಡ್ಡವರ ನಂಬರ್ ಬೇಡ, ಎರಡು ವರ್ಷ ಸೀನಿಯರ್ ನಂಬರ್ ಕೇಳಿ

ಮಂಗಳೂರಿನಲ್ಲಿ ಕೆಲಸ ಹುಡುಕುವ ಹೊಸ ಪದವೀಧರರು ಎಲ್ಲಿ ಹೋದರೂ ಒಂದು ಪ್ರಶ್ನೆ ಎದುರಾಗುತ್ತದೆ: "ನಿಮಗೆ ಅಲ್ಲಿ ಯಾರದ್ದಾದರೂ ಪರಿಚಯ ಉಂಟಾ?" ನಗರದಲ್ಲಿ ಮಾವನೋ ಚಿಕ್ಕಪ್ಪನೋ ಇದ್ದವರಿಗೆ, ಜಾತಿ ಸಂಘದಲ್ಲಿ ಮನೆಯವರ ಓಡಾಟ ಇದ್ದವರಿಗೆ ಇದಕ್ಕೆ ಉತ್ತರ ಸುಲಭ. ಸುಳ್ಯ, ಬೆಳ್ತಂಗಡಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದಿದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದ ಮಕ್ಕಳಿಗೆ ಉತ್ತರವೇ ಇರುವುದಿಲ್ಲ. ಇಂಥವರಿಗೆ ಇರುವ ಒಂದೇ ದೊಡ್ಡ ನಂಟು ಕಾಲೇಜು ಎಂಬುದು ನಮ್ಮ ಅಭಿಪ್ರಾಯ. ಆ ನಂಟನ್ನು ಹೆಚ್ಚಿನವರು ತಪ್ಪು ತುದಿಯಿಂದ ಹಿಡಿಯುತ್ತಾರೆ.

ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು 1868ರಷ್ಟು ಹಳೆಯದು. ಸಂತ ಅಲೋಶಿಯಸ್ ಶುರುವಾದದ್ದು 1880ರಲ್ಲಿ. ಇಂಥ ಕಾಲೇಜುಗಳಲ್ಲಿ ಓದಿ ದೊಡ್ಡ ಹುದ್ದೆಗೆ ಏರಿದವರು ಬಹಳ ಮಂದಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅಂಥವರನ್ನು ನೋಡಿದ ಹುಡುಗರು ಅವರ ನಂಬರಿಗೇ ಓಡುತ್ತಾರೆ. ಆದರೆ ಸಂಪಾದಕರಿಗೋ ಬ್ಯಾಂಕಿನ ದೊಡ್ಡ ಅಧಿಕಾರಿಗೋ ಟ್ರೈನಿ ಹುದ್ದೆಯ ವಿವರ ಗೊತ್ತಿರುವುದು ಕಡಿಮೆ. ಅದು ಗೊತ್ತಿರುವುದು ಎರಡು ವರ್ಷದ ಹಿಂದೆ ಅದೇ ಹುದ್ದೆಗೆ ಸೇರಿದ ನಿಮ್ಮ ಸೀನಿಯರ್‌ಗೆ. ಯಾವ ಪರೀಕ್ಷೆ ಕೊಟ್ಟರು, ಮೊದಲ ಸಂಬಳ ಎಷ್ಟು, ಪಕ್ಕದ ಕುರ್ಚಿಯವರು ಮುಂದಿನ ತಿಂಗಳು ಬಿಡುತ್ತಾರೋ ಇಲ್ಲವೋ, ಎಲ್ಲವೂ ಅವರಿಗೆ ತಿಳಿದಿರುತ್ತದೆ.

ಪತ್ರಿಕಾ ಕಚೇರಿಗಳ ಮಟ್ಟಿಗೆ ನಾವು ಹೇಳಬಲ್ಲೆವು. ಇಲ್ಲಿ ಎಷ್ಟೋ ಹುದ್ದೆಗಳಿಗೆ ಜಾಹೀರಾತು ಬರುವುದೇ ಇಲ್ಲ. ಒಬ್ಬರು ಬಿಟ್ಟು ಹೋದಾಗ ಡೆಸ್ಕಿನ ಮುಖ್ಯಸ್ಥರು ಅಲ್ಲಿದ್ದವರನ್ನು, "ಕನ್ನಡ ಸರಿಯಾಗಿ ಬರೆಯುವವರು ಯಾರಾದರೂ ಇದ್ದಾರಾ?" ಎಂದು ಕೇಳುತ್ತಾರೆ. ಆ ಹೊತ್ತಿಗೆ ಯಾರ ಹೆಸರು ನೆನಪಿಗೆ ಬರುತ್ತದೋ ಅವರಿಗೆ ಕರೆ ಹೋಗುತ್ತದೆ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ಆಗಾಗ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ಸಿಕ್ಕಿದ್ದು ಅವರಲ್ಲಿ ಸುಮಾರು ಶೇ 17 ಮಂದಿಗೆ ಮಾತ್ರ. ಉಳಿದವರಿಗೆ ಸಿಕ್ಕಿದ್ದು ಯಾವಾಗಲಾದರೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವವರಿಂದ. ಕಾರಣ ಸರಳ. ನಮ್ಮ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಸ್ವಲ್ಪ ದೂರದವರು ಬೇರೆ ಕಡೆಯ ಸುದ್ದಿ ತರುತ್ತಾರೆ. ಮುಖ ನೋಡಿ ಗೊತ್ತಿದ್ದರೂ ಹೆಚ್ಚು ಮಾತಾಡಿರದ ಸೀನಿಯರ್ ಅಂಥ ದೂರದವರು.

ಹಾಗಾದರೆ ಅವರ ನಂಬರ್ ಎಲ್ಲಿ ಸಿಗುತ್ತದೆ? ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನ್ಯಾಕ್ ಮೌಲ್ಯಮಾಪನಕ್ಕಾಗಿ ಕಾಲೇಜುಗಳು ತುಂಬುತ್ತ ಬಂದಿರುವ ದಾಖಲೆಗಳಲ್ಲಿ, ಪ್ರತಿ ವರ್ಷ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳ ಪಟ್ಟಿಯೂ ಒಂದು. ವಿದ್ಯಾರ್ಥಿಯ ಹೆಸರು, ಓದಿದ ಕೋರ್ಸ್, ಸೇರಿದ ಸಂಸ್ಥೆ, ಆರಂಭದ ಸಂಬಳ, ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. ಇದನ್ನು ನೋಡಿಕೊಳ್ಳುವುದು ಕಾಲೇಜಿನ ಐಕ್ಯೂಎಸಿ ಎಂಬ ಘಟಕ. ಕೆಲವು ಕಾಲೇಜುಗಳು ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಿವೆ. ನಿಮ್ಮ ವಿಭಾಗದ ಸರ್ ಅಥವಾ ಮೇಡಂ ಬಳಿ ಹೋಗಿ, "ಕಳೆದ ಮೂರು ವರ್ಷದಲ್ಲಿ ನಮ್ಮ ವಿಭಾಗದಿಂದ ಕೆಲಸಕ್ಕೆ ಸೇರಿದವರು ಯಾರು?" ಎಂದು ಕೇಳಿ. ನಂಬರನ್ನು ನೇರವಾಗಿ ಕೇಳಬೇಡಿ. "ಅವರನ್ನು ಒಂದು ಮಾತು ಕೇಳಿ, ಒಪ್ಪಿದರೆ ನಂಬರ್ ಕೊಡಿ" ಎನ್ನಿ. ಇದರಿಂದ ಸೀನಿಯರ್‌ಗೆ ಕಿರಿಕಿರಿಯಾಗುವುದಿಲ್ಲ, ನಿಮ್ಮ ಮೆಸೇಜ್ ಹೋಗುವ ಮೊದಲೇ ನಿಮ್ಮ ಹೆಸರು ತಲುಪಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸುಳ್ಯದ ಕಡೆಯ ಹುಡುಗಿಯೊಬ್ಬಳು ಪತ್ರಿಕೋದ್ಯಮ ಓದಿ ಮಂಗಳೂರಿನಲ್ಲಿ ಡೆಸ್ಕ್ ಕೆಲಸ ಹುಡುಕುತ್ತಿದ್ದಾಳೆ ಅಂದುಕೊಳ್ಳಿ. ಮೇಡಂ ಮೂವರು ಸೀನಿಯರ್‌ಗಳ ಹೆಸರು ಕೊಟ್ಟಿದ್ದಾರೆ. ಅವಳು "ಹಾಯ್ ಅಕ್ಕ, ಏನಾದರೂ ಜಾಬ್ ಇದ್ದರೆ ಹೇಳಿ" ಎಂದು ಕಳಿಸಿದರೆ "ನೋಡ್ತೇನೆ" ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಬದಲು ಹೀಗೆ ಬರೆಯಲಿ:

"ನಮಸ್ತೆ ಅಕ್ಕ. ನಾನು ನಮ್ಮ ವಿಭಾಗದಲ್ಲಿ ಈ ವರ್ಷ ಮುಗಿಸಿದವಳು. ಮೇಡಂ ನಿಮ್ಮ ನಂಬರ್ ಕೊಟ್ಟರು. ಡೆಸ್ಕ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದೇನೆ. ನಿಮ್ಮಲ್ಲಿ ಟ್ರೈನಿಗಳಿಗೆ ಯಾವ ಪರೀಕ್ಷೆ ಕೊಡುತ್ತಾರೆ, ಅನುವಾದವೋ, ವರದಿ ತಿದ್ದುವುದೋ? ಹತ್ತು ನಿಮಿಷ ಮಾತಾಡಲು ಯಾವ ಹೊತ್ತು ಆಗಬಹುದು?"

ಇದರಲ್ಲಿ ಕೆಲಸ ಕೊಡಿ ಎಂಬ ಬೇಡಿಕೆ ಇಲ್ಲ. ಸೀನಿಯರ್‌ಗೆ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಇದೆ. ಹೊತ್ತಿನ ಬಗ್ಗೆಯೂ ಎಚ್ಚರ ಬೇಕು. ಪತ್ರಿಕೆಯ ಡೆಸ್ಕಿನವರಿಗೆ ಸಂಜೆಯಿಂದ ರಾತ್ರಿ ಪುಟ ಹೋಗುವವರೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬೆಳಿಗ್ಗೆ ಹನ್ನೊಂದರ ನಂತರ ಕರೆ ಮಾಡಿದರೆ ಮಾತು ಸಿಗುತ್ತದೆ.

"ಇಂಗ್ಲಿಷ್ ಏಜೆನ್ಸಿ ಸುದ್ದಿ ಕೊಟ್ಟು ಕನ್ನಡಕ್ಕೆ ತರಲು ಹೇಳುತ್ತಾರೆ, ಟೈಪಿಂಗ್ ವೇಗವಾಗಿರಬೇಕು" ಎಂದು ಅಕ್ಕ ಹೇಳಿದರೆ ಮುಂದಿನ ದಾರಿ ಸ್ಪಷ್ಟ. ಹುಡುಗಿ ಎರಡು ವಾರ ದಿನಕ್ಕೊಂದು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಂದು, ಅದರಲ್ಲಿ ಚೆನ್ನಾಗಿ ಬಂದ ಎರಡನ್ನು ಕಳಿಸಿ, "ಎಲ್ಲಿ ತಪ್ಪಿದೆ ಹೇಳಿ ಅಕ್ಕ" ಎಂದು ಕೇಳಬೇಕು. ಈಗ ಅಕ್ಕನ ಫೋನಿನಲ್ಲಿ ಹುಡುಗಿಯ ಹೆಸರಿನ ಜೊತೆ ಅವಳ ಬರಹವೂ ಇದೆ. ಡೆಸ್ಕಿನ ಮುಖ್ಯಸ್ಥರು ಕೇಳಿದ ದಿನ ಅದನ್ನು ತೋರಿಸಿದರೆ ಆಯಿತು. ಅನುಭವವಿಲ್ಲದವರಿಗೆ ಅನುಭವದ ಜಾಗದಲ್ಲಿ ಇಡಲು ಇರುವುದು ಇದೊಂದೇ.

ಮೇಷ್ಟ್ರಿಂದಲೂ ಹೀಗೆಯೇ ಖಚಿತವಾದುದನ್ನು ಕೇಳಬೇಕು. "ಶಿಸ್ತಿನ ವಿದ್ಯಾರ್ಥಿನಿ" ಎಂಬ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ. "ಕಾಲೇಜಿನ ಪ್ರಾಯೋಗಿಕ ಪತ್ರಿಕೆಯ ನಾಲ್ಕು ಸಂಚಿಕೆಗಳ ಕರಡು ತಿದ್ದಿದವಳು, ಒಮ್ಮೆಯೂ ಗಡುವು ಮೀರಲಿಲ್ಲ" ಎಂದಿದ್ದರೆ ಓದುತ್ತಾರೆ. ನೂರಾರು ಮಕ್ಕಳಿಗೆ ಪಾಠ ಮಾಡುವವರಿಗೆ ಇದೆಲ್ಲ ನೆನಪಿರಲಾರದು. ಆದ್ದರಿಂದ ನೀವು ಮಾಡಿದ ಮೂರು ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.

ಇದಕ್ಕೂ ಮಿತಿ ಇದೆ. ಸೀನಿಯರ್ ನಿಮ್ಮನ್ನು ಬಾಗಿಲವರೆಗೆ ಕರೆದೊಯ್ಯಬಹುದು, ಪರೀಕ್ಷೆ ಬರೆಯಬೇಕಾದವರು ನೀವೇ. ಮೂವರಲ್ಲಿ ಒಬ್ಬರು ಉತ್ತರ ಕೊಡದೆಯೂ ಇರಬಹುದು. ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. "ಆರು ತಿಂಗಳು ಸಂಬಳವಿಲ್ಲದೆ ಬಾ, ಮತ್ತೆ ನೋಡೋಣ" ಎಂಬ ಮಾತು ಬಂದರೆ, ಹಾಗೆ ಹೋದ ಹಿಂದಿನವರಿಗೆ ಕೆಲಸ ಕಾಯಂ ಆಯಿತೇ ಎಂದು ಅದೇ ಸೀನಿಯರನ್ನು ಕೇಳಿ. ಪರಿಚಯ ಮಾಡಿಸಿಕೊಡಲು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಾಲೇಜುಗಳಿಗೂ ಒಂದು ಮಾತು. ಹಳೆ ವಿದ್ಯಾರ್ಥಿ ಸಂಘವೆಂದರೆ ವರ್ಷಕ್ಕೊಂದು ಸಭೆ, ಶಾಲು, ಊಟ ಎಂಬಲ್ಲಿಗೆ ಮುಗಿಯುವುದನ್ನು ನಾವು ಬಹಳ ನೋಡಿದ್ದೇವೆ. ನ್ಯಾಕ್ ತಂಡಕ್ಕೆ ತೋರಿಸುವ ಪಟ್ಟಿಯನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು, ಕೊನೆಯ ಸೆಮಿಸ್ಟರಿನ ಮಕ್ಕಳಿಗೂ ತೋರಿಸಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಅನುದಾನವೂ ಬೇಡ. ವಿಭಾಗದ ಒಬ್ಬ ಅಧ್ಯಾಪಕರು ವರ್ಷಕ್ಕೊಮ್ಮೆ ಇಪ್ಪತ್ತು ಫೋನ್ ಕರೆ ಮಾಡಿದರೆ ಸಾಕು. ಮಾವ, ಚಿಕ್ಕಪ್ಪ ಇದ್ದವರು ಹೇಗೂ ದಾರಿ ಕಂಡುಕೊಳ್ಳುತ್ತಾರೆ. ಆ ಪಟ್ಟಿ ಬೇಕಾಗಿರುವುದು ಕೊನೆಯ ಬಸ್ಸಿಗೆ ಓಡುವ ಮಕ್ಕಳಿಗೆ.